ಯಾವ ಸ್ಕ್ರೀನ್‌ಶಾಟ್ ಕಳಿಸಬೇಕು?

ಕೋಲಾರದ ಟೊಮೆಟೊ ಮಂಡಿಗಳಿಗೆಂದು ಮಾಡಿದ ಬಿಲ್ಲಿಂಗ್ ಸಾಫ್ಟ್‌ವೇರ್ ಒಂದನ್ನು ನಾನು ಟೆಸ್ಟ್ ಮಾಡುತ್ತೇನೆ. ಮಂಡಿಯ ರೈಟರ್ ಒಬ್ಬರು ಫೋನ್ ಮಾಡಿ, "ಬಾಕ್ಸ್ ತಿದ್ದಿದ್ರೆ ದುಡ್ಡು ತಪ್ಪು ಬರ್ತದೆ ಸಾರ್" ಅಂದರು. ಜೊತೆಗೆ ಮಾನಿಟರಿನ ಫೋಟೊ ಬಂತು. ಮೂಲೆಯಲ್ಲಿ ಟೀ ಲೋಟ, ಗಾಜಿನ ಮೇಲೆ ಟ್ಯೂಬ್‌ಲೈಟಿನ ಹೊಳಪು, ಅಂಕಿಗಳು ಮಾತ್ರ ಕಾಣುತ್ತಿಲ್ಲ.

ನಾನೇ ಮಾಡಿ ನೋಡಿದೆ. 40 ಬಾಕ್ಸ್, ಬಾಕ್ಸಿಗೆ 380 ರೂಪಾಯಿ, ಮೊತ್ತ 15,200. ಸರಿಯಿದೆ. 40 ಅನ್ನು 42 ಮಾಡಿದರೆ ಮೊತ್ತ 15,960 ಆಗಬೇಕು. ಆಗಲಿಲ್ಲ, 15,200 ಅಲ್ಲೇ ನಿಂತಿತ್ತು. ಅಂಕಿಗಳನ್ನು ಹೀಗೆ ಮೊದಲೇ ಆರಿಸಿಕೊಳ್ಳುವುದು ನನ್ನ ಅಭ್ಯಾಸ. ತಪ್ಪು ಮೊತ್ತ ನೋಡಿದ ಕೂಡಲೇ ಅದು ಹಳೇ 40ರ ಲೆಕ್ಕ ಎಂದು ಗೊತ್ತಾಗಬೇಕು.

ಈಗ ನನ್ನ ಹತ್ತಿರ ಮೂರು ಚಿತ್ರಗಳಿದ್ದವು. ಮೊದಲನೆಯದು ಪ್ರಿಂಟ್ ಆಗುವ ಬಿಲ್. ಚೆಂದವಾಗಿದೆ, ಆದರೆ ಅದರಲ್ಲಿ ದರದ ಕಾಲಂ ಇಲ್ಲ. ನೋಡುವವರಿಗೆ ಏನು ತಪ್ಪಾಗಿದೆ ಅನ್ನುವುದೇ ತಿಳಿಯದು. ಎರಡನೆಯದು ತಿದ್ದಿದ ತಕ್ಷಣ ತೆಗೆದ ಪರದೆ. 42, 380, 15,200 ಮೂರೂ ಒಂದೇ ಸಾಲಿನಲ್ಲಿವೆ. ಇದೇ ಸಾಕು ಅನ್ನಿಸಬಹುದು. ಆದರೆ ಡೆವಲಪರ್ "ಸ್ಕ್ರೀನ್ ರಿಫ್ರೆಶ್ ಆಗಿಲ್ಲ ಅಷ್ಟೆ" ಎಂದರೆ ಅದಕ್ಕೆ ಈ ಚಿತ್ರದಲ್ಲಿ ಉತ್ತರವಿಲ್ಲ. ಹಾಗಾಗಿ ಸೇವ್ ಮಾಡಿ, ಸಾಫ್ಟ್‌ವೇರ್ ಮುಚ್ಚಿ, ಅದೇ ಬಿಲ್ ಮತ್ತೆ ತೆರೆದು ಮೂರನೆಯದನ್ನು ತೆಗೆದೆ. ಆಗಲೂ 15,200. ತಪ್ಪು ಪರದೆಯಲ್ಲಷ್ಟೇ ಅಲ್ಲ, ಡೇಟಾಬೇಸಿಗೇ ಹೋಗಿದೆ. ರಿಪೋರ್ಟಿಗೆ ಹಾಕಿದ್ದು ಈ ಒಂದನ್ನೇ. ಮತ್ತೆ ತೆರೆದಾಗ 15,960 ಬಂದಿದ್ದರೆ ಎರಡನೆಯದನ್ನೇ ಹಾಕಿ, ಬಗ್‌ನ ಗಂಭೀರತೆಯನ್ನು ಒಂದು ಹಂತ ಇಳಿಸುತ್ತಿದ್ದೆ.

`Win + Shift + S` ಒತ್ತಿ ಬೇಕಾದಷ್ಟನ್ನೇ ಕತ್ತರಿಸಿದೆ. ಆ ಸಾಲು, ಮೇಲಿನ ಕಾಲಂ ಹೆಸರುಗಳು, ಬಿಲ್ ನಂಬರ್, ವರ್ಷನ್ ನಂಬರ್, ಇಷ್ಟೇ. ಸಾಲೊಂದನ್ನೇ ಕತ್ತರಿಸಿದರೆ ಯಾವ ಬಿಲ್, ಯಾವ ವರ್ಷನ್ ಎಂದು ಕೇಳಿ ಮತ್ತೆ ಮೆಸೇಜ್ ಬರುತ್ತದೆ. ಮೊತ್ತದ ಸುತ್ತ ಒಂದು ಕೆಂಪು ಚೌಕ ಹಾಕಿದೆ. ನಾಲ್ಕೈದು ಬಾಣ ಬಿಟ್ಟರೆ ಬಾಣಗಳೇ ಅಂಕಿಗಳನ್ನು ಮುಚ್ಚುತ್ತವೆ.

ರೈತರ ಹೆಸರು, ಮೊಬೈಲ್ ನಂಬರ್ ಇರುವ ನಿಜವಾದ ಬಿಲ್ಲನ್ನು ನಾನು ಮುಟ್ಟುವುದಿಲ್ಲ, 'ಟೆಸ್ಟ್ ರೈತ' ಎಂದು ಒಬ್ಬನನ್ನು ಸೃಷ್ಟಿಸುತ್ತೇನೆ. ಕತ್ತರಿಸಿದರೆ ಹೋಯಿತು ಅಂತಲೂ ನಂಬುವಂತಿಲ್ಲ. 2023ರಲ್ಲಿ ವಿಂಡೋಸ್‌ನ ಸ್ನಿಪ್ಪಿಂಗ್ ಟೂಲಿನಲ್ಲೇ ಒಂದು ದೋಷ ಸಿಕ್ಕಿತ್ತು. ಕತ್ತರಿಸಿದ ಚಿತ್ರವನ್ನು ಹಳೇ ಫೈಲಿನ ಮೇಲೆಯೇ ಸೇವ್ ಮಾಡಿದರೆ, ತೆಗೆದುಹಾಕಿದ ಭಾಗದ ಒಂದಷ್ಟು ಡೇಟಾ ಫೈಲಿನೊಳಗೆ ಉಳಿಯುತ್ತಿತ್ತು. ಆಮೇಲೆ ಅಪ್‌ಡೇಟ್ ಕೊಟ್ಟು ಸರಿಪಡಿಸಿದರು.

ಫೈಲನ್ನು ಪಿಎನ್‌ಜಿಯಲ್ಲೇ ಇಟ್ಟೆ. ವಾಟ್ಸಾಪಿನಲ್ಲಿ ಫೋಟೊ ಆಗಿ ಕಳಿಸಿದರೆ ಅದು ಚಿತ್ರವನ್ನು ಕುಗ್ಗಿಸುತ್ತದೆ, ಸಣ್ಣ ಅಕ್ಷರ ಮಸುಕಾಗುತ್ತದೆ. ಕಳಿಸಲೇಬೇಕಾದರೆ ಡಾಕ್ಯುಮೆಂಟ್ ಆಗಿ ಕಳಿಸುತ್ತೇನೆ. 40 ಇದ್ದದ್ದು 42 ಆಯಿತು ಅನ್ನುವುದನ್ನು ಯಾವ ಚಿತ್ರವೂ ಹೇಳದು. ಅದನ್ನು ಕೆಳಗೆ ಎರಡು ಸಾಲಿನಲ್ಲಿ ಬರೆದೆ.

ಡೆವಲಪರ್ ಮರುಪ್ರಶ್ನೆ ಕೇಳಲಿಲ್ಲ. ದರದ ಖಾನೆ ಬದಲಾದಾಗ ಮಾತ್ರ ಮೊತ್ತ ಮತ್ತೆ ಲೆಕ್ಕವಾಗುವಂತೆ ಕೋಡ್ ಬರೆದಿತ್ತಂತೆ.