ಕ್ಯಾಂಪಸ್‌ನಲ್ಲಿ ಶೂಟಿಂಗ್: ಪ್ರಿನ್ಸಿಪಾಲರಿಗೆ ಪತ್ರ ಬರೆಯುವುದು ಹೇಗೆ?

ಶನಿವಾರ, ಭಾನುವಾರ ಕಾಲೇಜಿನಲ್ಲಿ ಕಿರುಚಿತ್ರದ ಶೂಟಿಂಗ್‌ಗೆ ಅನುಮತಿ ಕೊಡುವವರು ಪ್ರಿನ್ಸಿಪಾಲರು. ಆದರೆ ಭಾನುವಾರ ಬೆಳಿಗ್ಗೆ ಗೇಟಿನಲ್ಲಿ ಪತ್ರ ನೋಡುವುದು ವಾಚ್‌ಮನ್. ಕ್ಲಾಸ್‌ರೂಮ್ ಕೀ ಇರುವುದು ಅಟೆಂಡರ್ ಹತ್ತಿರ. ಅವರಿಬ್ಬರೂ ಓದಿದ ಕೂಡಲೇ ಅರ್ಥವಾಗುವಂತೆ ಪತ್ರ ಬರೆಯಬೇಕು.

ಬರೆಯುವ ಮುಂಚೆ ಆಫೀಸಿಗೆ ಹೋಗಿ, ಆ ಭಾನುವಾರ ಕಾಲೇಜು ಯಾವುದಾದರೂ ಪರೀಕ್ಷಾ ಕೇಂದ್ರವಾಗಿದೆಯೇ ಎಂದು ಕೇಳಿ. ನೇಮಕಾತಿ ಪರೀಕ್ಷೆಗಳು ಜಾಸ್ತಿ ನಡೆಯುವುದು ಭಾನುವಾರವೇ. ಪರೀಕ್ಷೆ ಇದ್ದರೆ ಒಳಗೆ ಕ್ಯಾಮೆರಾ ಒಯ್ಯುವ ಮಾತೇ ಇಲ್ಲ, ದಿನ ಬದಲಿಸಿ. ಶನಿವಾರ ಕ್ಲಾಸ್ ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂಬುದನ್ನೂ ತಿಳಿದುಕೊಳ್ಳಿ.

ಉಡುಪಿಯ ಒಂದು ಡಿಗ್ರಿ ಕಾಲೇಜಿನ ವಿದ್ಯಾರ್ಥಿನಿ ಜುಲೈ ತಿಂಗಳಲ್ಲಿ ಹತ್ತು ನಿಮಿಷದ ಕಿರುಚಿತ್ರ ಮಾಡುತ್ತಾಳೆ ಎಂದುಕೊಳ್ಳೋಣ. 'ಇಂದ', 'ಗೆ' ಬರೆದ ಮೇಲೆ 'ಮೂಲಕ' ಎಂದು ವಿಭಾಗದ ಮುಖ್ಯಸ್ಥರ ಹೆಸರು ಹಾಕಬೇಕು. ಅವರ ಸಹಿ ಮೊದಲು ಬಿದ್ದರೆ ಪ್ರಿನ್ಸಿಪಾಲರ ಅರ್ಧ ಪ್ರಶ್ನೆಗಳು ಅಲ್ಲೇ ಮುಗಿಯುತ್ತವೆ. ಮುಂದಿನದು ಹೀಗಿರಲಿ:

ವಿಷಯ: ಶನಿವಾರ ಮತ್ತು ಭಾನುವಾರ ಕಾಲೇಜಿನಲ್ಲಿ ಕಿರುಚಿತ್ರ ಚಿತ್ರೀಕರಣಕ್ಕೆ ಅನುಮತಿ ಕೋರಿ.

ಮಾನ್ಯರೇ,
ನಾನು ಅಂತಿಮ ಬಿ.ಎ. ವಿದ್ಯಾರ್ಥಿನಿ. ಅಜ್ಜಿ ಮತ್ತು ಮೊಮ್ಮಗಳ ಕಥೆಯ ಕಿರುಚಿತ್ರಕ್ಕಾಗಿ ಶನಿವಾರ ಮಧ್ಯಾಹ್ನ 2ರಿಂದ 5.30ರವರೆಗೆ, ಭಾನುವಾರ ಬೆಳಿಗ್ಗೆ 8ರಿಂದ ಸಂಜೆ 5ರವರೆಗೆ ಚಿತ್ರೀಕರಣ ಮಾಡಲು ಅನುಮತಿ ಕೋರುತ್ತೇನೆ. ಬೇಕಾಗುವ ಜಾಗಗಳು: ಕೆಳಮಹಡಿಯ 12ನೇ ಕೊಠಡಿ ಮತ್ತು ಎದುರಿನ ಅಂಗಳ. ಮಳೆ ಬಂದರೆ ಅಂಗಳದ ಬದಲು ಕೊಠಡಿಯ ಹೊರಗಿನ ವರಾಂಡ. ನಾವು ಏಳು ವಿದ್ಯಾರ್ಥಿಗಳು, ಹೊರಗಿನ ಒಬ್ಬ ನಟಿ ಇರುತ್ತೇವೆ. ಎಲ್ಲರ ಗುರುತಿನ ಚೀಟಿಯ ಪ್ರತಿ ಲಗತ್ತಿಸಿದೆ. ಎರಡು ಎಲ್‌ಇಡಿ ಲೈಟ್ ಬಳಸುತ್ತೇವೆ. ನಮ್ಮ ವಿಭಾಗದ ಉಪನ್ಯಾಸಕಿಯೊಬ್ಬರು ಜೊತೆಗಿರಲು ಒಪ್ಪಿದ್ದಾರೆ. ಕಾಲೇಜಿನ ಹೆಸರು, ಲಾಂಛನ ಚಿತ್ರದಲ್ಲಿ ಕಾಣುವುದಿಲ್ಲ.
ಇಂತಿ ತಮ್ಮ ವಿಧೇಯ ವಿದ್ಯಾರ್ಥಿನಿ

ಇಲ್ಲಿ ಮಳೆಯ ಸಾಲು ಸುಮ್ನೆ ಬರೆದದ್ದಲ್ಲ. ಜುಲೈಯಲ್ಲಿ ನಮ್ಮೂರಿನ ಆಕಾಶವನ್ನು ನಂಬುವಂತಿಲ್ಲ ಅಲ್ವಾ? ಬದಲಿ ಜಾಗ ಪತ್ರದಲ್ಲಿ ಇಲ್ಲದಿದ್ದರೆ, ವರಾಂಡಕ್ಕೆ ಬಂದಾಗ "ಇದಕ್ಕೆ ಪರ್ಮಿಷನ್ ಎಲ್ಲಿದೆ?" ಎಂದು ಅಟೆಂಡರ್ ಕೇಳಿದರೆ ತಪ್ಪು ಅವರದಲ್ಲ. ಹಾಗೆಯೇ "ಕೆಲವು ಸ್ನೇಹಿತರು" ಎಂದು ಬರೆದರೆ ಹೊರಗಿನ ನಟಿ ಗೇಟಿನಲ್ಲೇ ಉಳಿಯಬೇಕಾಗುತ್ತದೆ.

ಕಥೆಯಲ್ಲಿ ಹೊಡೆದಾಟ, ಪೊಲೀಸ್ ವೇಷ, ನಕಲಿ ರಕ್ತ ಇದ್ದರೆ ಮುಚ್ಚಿಡಬೇಡಿ. ಅರ್ಧ ಪುಟದ ಕಥಾಸಾರವನ್ನು ಪತ್ರದ ಜೊತೆ ಕೊಡಿ. ಕಿಟಕಿಯಿಂದ ಕಂಡ ಯಾರೋ ಗಾಬರಿಯಾಗಿ ಫೋನ್ ಮಾಡಿದರೆ ಉತ್ತರ ಕೊಡಬೇಕಾದವರು ಪ್ರಿನ್ಸಿಪಾಲರು.

ಪತ್ರವನ್ನು ಒಂದು ವಾರ ಮುಂಚೆಯೇ ಕೊಡಿ. ಬಾಯಿಮಾತಿನ "ಆಯ್ತು, ಮಾಡಿ" ಸಾಲದು, ಸಹಿ ಮತ್ತು ಸೀಲು ಬೇಕು. ಸಹಿಯ ಪಕ್ಕದಲ್ಲಿ ಅವರು ಬರೆದ ಷರತ್ತನ್ನು ಓದಿ. "ಸಂಜೆ 4ರವರೆಗೆ ಮಾತ್ರ" ಎಂದಿದ್ದರೆ ಶೂಟಿಂಗ್ ಪಟ್ಟಿಯನ್ನು ಅಂದೇ ತಿದ್ದಬೇಕು. ಶುಕ್ರವಾರವೇ ಒಂದು ಜೆರಾಕ್ಸ್ ವಾಚ್‌ಮನ್‌ಗೆ, ಒಂದು ಅಟೆಂಡರ್‌ಗೆ ಕೊಡಿ. ಭಾನುವಾರ ಕೀ ಯಾರು, ಎಷ್ಟು ಹೊತ್ತಿಗೆ ತರುತ್ತಾರೆ ಎಂದು ಕೇಳಿ, ಅವರ ಫೋನ್ ನಂಬರ್ ಬರೆದುಕೊಳ್ಳಿ.