ಹಿಪ್ಪಲಿ ಪುಡಿ ನುಣ್ಣಗಿರಲಿ, ಕೆಮ್ಮು ಎರಡು ವಾರ ದಾಟದಿರಲಿ

ಹೋದ ಮಳೆಗಾಲದಲ್ಲಿ ಶಿರಸಿ ಹತ್ತಿರದ ನೆಂಟರ ಮನೆಗೆ ಹೋಗಿದ್ದೆ. ಅಲ್ಲಿ ಹತ್ತು ವರ್ಷದ ಹುಡುಗಿಗೆ ಕೆಮ್ಮು. ಅವಳ ಅಮ್ಮ ಹಿಪ್ಪಲಿ ಪುಡಿಗೆ ಜೇನುತುಪ್ಪ ಹಾಕಿ ನೆಕ್ಕಿಸಿದರು. ಮರುಕ್ಷಣವೇ ಹುಡುಗಿ ಕಣ್ಣಲ್ಲಿ ನೀರು ಬರುವಷ್ಟು ಕೆಮ್ಮತೊಡಗಿದಳು. ಬಟ್ಟಲು ತೆಗೆದು ನೋಡಿದೆ. ಪುಡಿ ರವೆಯ ಹಾಗೆ ತರಿತರಿಯಾಗಿತ್ತು, ನಡುವೆ ನಾರಿನ ಎಳೆಗಳೂ ಇದ್ದವು. ಗಂಟಲು ನೋಯುತ್ತಿರುವ ಮಗುವಿಗೆ ಅದು ಕೆರೆಯದೆ ಇರುತ್ತದಾ? ಹಿಪ್ಪಲಿಯಿಂದ ಕೆಮ್ಮು ಜಾಸ್ತಿಯಾಯಿತು ಎನ್ನುವವರ ಮನೆಯಲ್ಲೆಲ್ಲ ನಾನು ನೋಡಿದ್ದು ಇಂಥ ಪುಡಿಯನ್ನೇ.

ಮೊದಲು ಸರಿಯಾದ ಹಿಪ್ಪಲಿ ಬೇಕು. ನಮ್ಮ ಕಡೆ ಒಂದು ಗೊಂದಲವಿದೆ. ನೀರು ನಿಲ್ಲುವ ತೋಟಗಳಲ್ಲಿ ಸೊರಗು ರೋಗ ತಡೆಯಲೆಂದು ಕಾಳುಮೆಣಸನ್ನು ಒಂದು ಗಿಡಕ್ಕೆ ಕಸಿ ಕಟ್ಟುತ್ತಾರಲ್ಲ, ಅದನ್ನೂ ನಾವು ಹಿಪ್ಪಲಿ ಎಂದೇ ಕರೆಯುತ್ತೇವೆ. ಅದು ದಕ್ಷಿಣ ಅಮೆರಿಕದಿಂದ ಬಂದ ಬೇರೆಯೇ ಜಾತಿ. ಅದರ ತೆನೆ ಒಣಗಿಸಿ ಔಷಧಕ್ಕೆ ಬಳಸಬೇಡಿ. ಔಷಧದ ಹಿಪ್ಪಲಿ ನೆಲದ ಮೇಲೆ ಹಬ್ಬುವ ತೆಳ್ಳನೆಯ ಬಳ್ಳಿ. ಅದರಲ್ಲೂ ಗಂಡು, ಹೆಣ್ಣು ಬೇರೆ ಬೇರೆ. ಗಂಡು ಬಳ್ಳಿಯ ತೆನೆ ಉದ್ದ, ಸಪೂರ, ಅದರಲ್ಲಿ ಕಾಳಿರುವುದಿಲ್ಲ. ನಮಗೆ ಬೇಕಾದ್ದು ಹೆಣ್ಣು ಬಳ್ಳಿಯ ಗಿಡ್ಡ, ದಪ್ಪ ತೆನೆ. ಅದನ್ನು ಹಣ್ಣಾಗುವ ಮೊದಲೇ ಕೊಯ್ದು ಬಿಸಿಲಿಗೆ ಒಣಗಿಸಬೇಕು.

ಗ್ರಂಧಿಗೆ ಅಂಗಡಿಯಲ್ಲಿ ಕೊಳ್ಳುವುದಾದರೆ ಇಡೀ ತೆನೆಯನ್ನೇ ಕೇಳಿ. ಪೊಟ್ಟಣದ ಪುಡಿಯನ್ನು ನಾನು ತರುವುದಿಲ್ಲ. ಅದರೊಳಗೆ ಏನಿದೆ, ಯಾವಾಗ ಪುಡಿ ಮಾಡಿದ್ದು ಎಂದು ನೋಡಿ ಹೇಳಲಾಗದು. ಒಂದು ತೆನೆ ಮುರಿಯಿರಿ. ಚಟ್ಟನೆ ಮುರಿದರೆ ಸರಿಯಾಗಿ ಒಣಗಿದೆ. ಚೂರು ನಾಲಿಗೆ ಮೇಲಿಡಿ. ಮೊದಲು ಖಾರ, ಆಮೇಲೆ ನಾಲಿಗೆ ಜುಮ್ಮೆಂದು ಬಾಯಲ್ಲಿ ನೀರೂರಬೇಕು. ಸಣ್ಣ ತೂತುಗಳಿದ್ದು ಅದರಿಂದ ಹಿಟ್ಟು ಉದುರಿದರೆ ಹುಳ ತಿಂದಿದೆ ಎಂದರ್ಥ. ಒಮ್ಮೆಗೆ 10 ಗ್ರಾಂ ಸಾಕು.

ಇನ್ನು ಹುರಿಯುವುದು. ಇಲ್ಲಿ ಅವಸರ ಮಾಡಬೇಡಿ. ಆಷಾಢದ ಗಾಳಿಗೆ ಎಲ್ಲವೂ ತೇವ ಎಳೆದುಕೊಂಡಿರುತ್ತದೆ. ಹಸಿಯಾಗಿಯೇ ಕುಟ್ಟಿದರೆ ಹಿಪ್ಪಲಿ ಪುಡಿಯಾಗುವುದಿಲ್ಲ, ಜಜ್ಜಿ ಹೋಗುತ್ತದೆ. ಕಬ್ಬಿಣದ ಬಾಣಲೆಗೆ ತೆನೆಗಳನ್ನು ಹಾಕಿ ತೀರಾ ಸಣ್ಣ ಉರಿಯಲ್ಲಿ ನಾಲ್ಕೈದು ನಿಮಿಷ ಬಿಡದೆ ಆಡಿಸಿ. ಎಣ್ಣೆ, ತುಪ್ಪ ಏನೂ ಬೇಡ. ಜಿಡ್ಡಾದರೆ ಬಟ್ಟೆಯಲ್ಲಿ ಸೋಸಲು ಬರುವುದಿಲ್ಲ. ಕಷ್ಟ ಏನೆಂದರೆ ಹಿಪ್ಪಲಿ ಮೊದಲೇ ಕಪ್ಪು, ಬಣ್ಣ ನೋಡಿ ಹದ ತಿಳಿಯುವುದಿಲ್ಲ. ಮೂಗಿನಿಂದಲೇ ತಿಳಿಯಬೇಕು. ಘಮ್ಮೆಂದು ಖಾರದ ಪರಿಮಳ ಏಳುತ್ತಿದ್ದಂತೆ ಒಂದನ್ನು ತೆಗೆದು, ಆರಿಸಿ ಮುರಿದು ನೋಡಿ. ಒಳಗೆ ಇನ್ನೂ ಕಂದು ಬಣ್ಣವಿದ್ದು ಸುಲಭವಾಗಿ ಮುರಿದರೆ ಇಳಿಸಿ. ಒಳಗೂ ಕಪ್ಪಾಗಿ ಸುಟ್ಟ ವಾಸನೆ ಬಂದರೆ ಎಸೆದು ಹೊಸದಾಗಿ ಹುರಿಯಿರಿ.

ಬಾಣಲೆಯಿಂದ ಒಣ ತಟ್ಟೆಗೆ ಹರಡಿ ಪೂರ್ತಿ ಆರಲು ಬಿಡಿ. ಬಿಸಿ ಇರುವಾಗಲೇ ಕುಟ್ಟಿದರೆ ಬೆವರಿ ಗಂಟುಕಟ್ಟುತ್ತದೆ. ಆರಿದ ಮೇಲೆ ಕಲ್ಲಿನ ಕುಟ್ಟಾಣಿಗೆ ನಾಲ್ಕು ನಾಲ್ಕೇ ತೆನೆ ಹಾಕಿ ಕುಟ್ಟಿ. ಮಿಕ್ಸರ್ ಬೇಡ. ಇಷ್ಟು ಕಡಿಮೆ ಹಾಕಿದರೆ ಬ್ಲೇಡಿಗೆ ಸಿಗುವುದೇ ಇಲ್ಲ, ಜಾರಿನ ಗೋಡೆಗೆ ಹಾರಿ ಕೂರುತ್ತದೆ. ತೆನೆಯ ನಡುವೆ ಒಂದು ದಂಟು ಇರುತ್ತದೆ. ಕಾಳು ಬೇಗ ಪುಡಿಯಾಗುತ್ತದೆ, ದಂಟು ನಾರುನಾರಾಗಿ ಉಳಿಯುತ್ತದೆ. ಗಂಟಲು ಕೆರೆಯುವುದು ಇದೇ ನಾರು.

ಅದಕ್ಕೇ ಚಹಾ ಸೋಸುವ ಜರಡಿ ಸಾಲದು, ಬಟ್ಟೆಯೇ ಬೇಕು. ಹಳೆಯ ಮಲ್ಲು ಪಂಚೆಯ ತುಂಡನ್ನು ತೊಳೆದು ಒಣಗಿಸಿಟ್ಟುಕೊಳ್ಳಿ. ಲೋಟದ ಬಾಯಿಗೆ ಸ್ವಲ್ಪ ಸಡಿಲವಾಗಿ ಕಟ್ಟಿ, ಮೇಲೆ ಪುಡಿ ಹಾಕಿ ಬೆರಳಿಂದ ಮೆಲ್ಲಗೆ ಸವರಿ. ಒತ್ತಬೇಡಿ, ಒತ್ತಿದರೆ ನಾರೂ ಇಳಿಯುತ್ತದೆ. ಮೇಲೆ ಉಳಿದದ್ದನ್ನು ಇನ್ನೊಮ್ಮೆ ಕುಟ್ಟಿ ಸೋಸಿ. ಆಮೇಲೂ ಉಳಿದ ನಾರನ್ನು ಎಸೆಯಿರಿ. ಇಳಿದ ಪುಡಿಯನ್ನು ಹೆಬ್ಬೆರಳು, ತೋರುಬೆರಳ ನಡುವೆ ಉಜ್ಜಿ ನೋಡಿ. ಮುಖದ ಪೌಡರಿನ ಹಾಗೆ ಬೆರಳಿನ ಗೆರೆಗಳಲ್ಲಿ ಕೂರಬೇಕು. ಒಂದು ಕಣ ತರಿ ಸಿಕ್ಕರೂ ಮತ್ತೆ ಸೋಸಿ. ಗಾಜಿನ ಸಣ್ಣ ಬಾಟಲಿಗೆ ತುಂಬಿಡಿ. ಮಳೆಗಾಲದಲ್ಲಿ ಹದಿನೈದು ದಿನ ದಾಟಿದ ಪುಡಿಯನ್ನು ನಾನು ಬಳಸುವುದಿಲ್ಲ.

ಜೇನಿಗೆ ತುಡುವೆಯೇ ಆಗಲಿ. ಅದರಲ್ಲಿ ನೀರಿನಂಶ ಜಾಸ್ತಿ, ಬೇಗ ಹುಳಿಯಾಗುತ್ತದೆ. ಆದ್ದರಿಂದ ಜೇನಲ್ಲಿ ಪುಡಿ ಕಲಸಿ ವಾರಕ್ಕಾಗುವಷ್ಟು ಇಡುವ ಸುಲಭದ ದಾರಿ ಬೇಡ, ಆಗಿನದು ಆಗಲೇ ಕಲಸಿ. ಬಟ್ಟಲಿಗೆ ಮೊದಲು ಒಂದು ಚಹಾ ಚಮಚ ಜೇನು ಹಾಕಿ, ಮೇಲೆ ಪುಡಿ ಉದುರಿಸಿ, ಚಮಚದ ಬೆನ್ನಿಂದ ಅರೆಯಿರಿ. ಒಣ ಪುಡಿ ಎಲ್ಲೂ ಕಾಣಬಾರದು. ಅದು ಉಸಿರಿನ ಜೊತೆ ಒಳಗೆ ಹೋದರೆ ಉಸಿರು ಕಟ್ಟಿದಂತಾಗುತ್ತದೆ. ನಿಧಾನಕ್ಕೆ ನೆಕ್ಕಬೇಕು, ಹಿಂದೆಯೇ ನೀರು ಕುಡಿಯಬಾರದು.

ದೊಡ್ಡವರಿಗೆ ಬೆಳಿಗ್ಗೆ, ರಾತ್ರಿ ಎರಡೆರಡು ಚಿಟಿಕೆ, ಐದು ದಿನ. ಐದು ವರ್ಷ ದಾಟಿದ ಮಕ್ಕಳಿಗೆ ಅರ್ಧ ಚಿಟಿಕೆ. ಅದಕ್ಕಿಂತ ಸಣ್ಣವರಿಗೆ ಹಿಪ್ಪಲಿ ಬೇಡ, ಅರ್ಧ ಚಮಚ ಬರೀ ಜೇನೇ ಸಾಕು. ಒಂದು ವರ್ಷ ತುಂಬದ ಮಗುವಿಗೆ ಜೇನನ್ನು ಮುಟ್ಟಿಸಲೇಬಾರದು, ನಾಲಿಗೆಗೆ ಸವರುವುದೂ ಬೇಡ. ಜೇನಿನಲ್ಲಿ ಇರಬಹುದಾದ ಒಂದು ಬಗೆಯ ರೋಗಾಣು ಎಳೆ ಕರುಳಿನಲ್ಲಿ ಬೆಳೆದು ವಿಷ ಬಿಡುತ್ತದೆ, ಮೈಯ ಸ್ನಾಯುಗಳ ಶಕ್ತಿಯೇ ಉಡುಗುತ್ತದೆ. ಬಸುರಿಯರಿಗೆ, ಹೊಟ್ಟೆಹುಣ್ಣು ಇರುವವರಿಗೆ ಹಿಪ್ಪಲಿ ಬೇಡ. ಸಕ್ಕರೆ ಕಾಯಿಲೆ ಇದ್ದರೆ ಜೇನೂ ಸಕ್ಕರೆಯೇ ಎಂಬುದು ನೆನಪಿರಲಿ.

ಐದೇ ದಿನ ಯಾಕೆ ಎಂದರೆ, ಈ ಔಷಧ ಶೀತದ ಕೆಮ್ಮಿನ ಕೆರೆತವನ್ನು ತಣಿಸಿ ರಾತ್ರಿ ನಿದ್ದೆ ಕೊಡುತ್ತದೆ ಅಷ್ಟೆ. ರೋಗದ ಬೇರು ಬೇರೆ ಇದ್ದರೆ ಇದರಿಂದ ಆಗುವುದಿಲ್ಲ. ಚರಕ ಸಂಹಿತೆಯೇ ಹಿಪ್ಪಲಿ, ಕ್ಷಾರ, ಉಪ್ಪು ಈ ಮೂರನ್ನು ಅತಿಯಾಗಿ ಬಳಸಬಾರದು ಎನ್ನುತ್ತದೆ.

ನನ್ನ ದೊಡ್ಡಮ್ಮನಿಗೆ ಒಂದು ವರ್ಷ ಒಣಕೆಮ್ಮು ಹಿಡಿಯಿತು. ಕಫವಿಲ್ಲ, ಜ್ವರವಿಲ್ಲ, ಸುಮ್ನೆ ಗಂಟಲು ಕೆರೆದು ಕೆಮ್ಮು. ಒಂದು ತಿಂಗಳು ಹಿಪ್ಪಲಿ ಜೇನು ನೆಕ್ಕಿದರು, ಪುಡಿ ನಾನೇ ಮಾಡಿ ಕೊಟ್ಟಿದ್ದೆ. ಕೆಮ್ಮು ಇಳಿಯಲಿಲ್ಲ, ಎದೆಯುರಿ ಶುರುವಾಯಿತು. ಕೊನೆಗೆ ಡಾಕ್ಟರ್ ಕೇಳಿದ್ದು ಒಂದೇ ಪ್ರಶ್ನೆ: “ಬಿಪಿಗೆ ಯಾವ ಮಾತ್ರೆ ತಗೊಳ್ತೀರಿ?” ಎನಲಾಪ್ರಿಲ್ ಎಂದರು ದೊಡ್ಡಮ್ಮ. ಆ ಜಾತಿಯ ಮಾತ್ರೆಗಳು ಕೆಲವರಿಗೆ ಹೀಗೆ ಒಣಕೆಮ್ಮು ತರುತ್ತವಂತೆ. ಡಾಕ್ಟರೇ ಮಾತ್ರೆ ಬದಲಿಸಿದರು. ಮೂರನೇ ವಾರಕ್ಕೆ ಕೆಮ್ಮು ನಿಂತಿತು.

ಕೆಮ್ಮು ಎರಡು ವಾರ ದಾಟಿದರೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಿ, ಕ್ಷಯವೇ ಎಂದು ಅಲ್ಲಿ ನೋಡುತ್ತಾರೆ. ಕಫದಲ್ಲಿ ರಕ್ತ ಕಂಡರೆ, ಉಸಿರಿಗೆ ಸುಂಯ್‌ಗುಟ್ಟುವ ಸದ್ದು ಬಂದರೆ, ಮಗುವಿನ ಪಕ್ಕೆ ಒಳಗೆ ಎಳೆಯುತ್ತಿದ್ದರೆ ಒಂದು ದಿನವೂ ಕಾಯಬೇಡಿ. ಹೋಗುವಾಗ ಹಿಪ್ಪಲಿ ಬಾಟಲಿಯನ್ನೂ ಒಯ್ದು ತೋರಿಸಿ. ಅದರ ಖಾರದ ಅಂಶ ಪೈಪರಿನ್ ಕೆಲವು ಮಾತ್ರೆಗಳನ್ನು ರಕ್ತಕ್ಕೆ ಜಾಸ್ತಿ ಸೇರಿಸುತ್ತದೆ. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಉಬ್ಬಸಕ್ಕೆ ಕೊಡುವ ಥಿಯೋಫಿಲಿನ್ ಅಂಥವು. ನೀವು ಹೇಳದಿದ್ದರೆ ಅದು ಡಾಕ್ಟರಿಗೆ ತಿಳಿಯುವುದಾದರೂ ಹೇಗೆ?