ಬಾಕಿ ಬಿಲ್ಲಿಗೆ ಎರಡನೇ ಮೇಲ್, ಮೂರನೇ ಮೇಲ್

ಪೀಣ್ಯದಲ್ಲಿ ನಮ್ಮದು ರಟ್ಟಿನ ಪೆಟ್ಟಿಗೆ ಮಾಡುವ ಸಣ್ಣ ಘಟಕ. ಲೆಕ್ಕಪತ್ರ, ವಸೂಲಿ ಎರಡೂ ನನ್ನ ಪಾಲಿನವು. ಗಿರಾಕಿಗಳಲ್ಲಿ ಹೆಚ್ಚಿನವರು ದೊಡ್ಡ ಕಂಪನಿಗಳು. ಜಗಳ ಆಡಿದರೆ ಮುಂದಿನ ಆರ್ಡರ್ ಹೋಗುತ್ತದೆ, ಸುಮ್ಮನಿದ್ದರೆ ಕಾಗದದ ಗಿರಣಿಯವರಿಗೆ ಕೊಡಲು ನಮ್ಮಲ್ಲಿ ದುಡ್ಡಿರುವುದಿಲ್ಲ.

ಒಂದು ಬಿಲ್ಲಿನ ಕತೆ ಹೇಳುತ್ತೇನೆ. ಮೊತ್ತ ₹1,26,000. ಸರಕು ಜೂನ್ 4ಕ್ಕೆ ತಲುಪಿ, ಚಲನ್ ಮೇಲೆ ಸ್ಟೋರಿನವರ ಸೀಲು ಬಿದ್ದಿತ್ತು. ಗಿರಾಕಿ ಕೊಟ್ಟ ಖರೀದಿ ಆದೇಶ, ಅಂದರೆ ಪಿಒದಲ್ಲಿ 30 ದಿನದ ಕ್ರೆಡಿಟ್. ಹಾಗಾಗಿ ಜುಲೈ 4ಕ್ಕೆ ಹಣ ಬರಬೇಕು. 7ಕ್ಕೆ ಆ ಕಂಪನಿಯ ಅಕೌಂಟ್ಸ್ ಮೇಡಂಗೆ ಎರಡು ಸಾಲಿನ ನೆನಪೋಲೆ ಕಳಿಸಿದೆ. ಉತ್ತರ ಬರಲಿಲ್ಲ.

ಎರಡನೇ ಸಲ ಬರೆಯುವಾಗ ಹೊಸ ಮೇಲ್ ತೆಗೆಯುವುದಿಲ್ಲ. ಮೊದಲು ಕಳಿಸಿದ್ದಕ್ಕೇ ರಿಪ್ಲೈ ಒತ್ತಿ ಬರೆಯುತ್ತೇನೆ. ಹಳೆಯ ಮೇಲ್, ಅದರ ತಾರೀಖು ಕೆಳಗೆ ತಾನಾಗಿ ಕಾಣುವುದರಿಂದ "ಹಿಂದೆಯೂ ಬರೆದಿದ್ದೆ" ಎಂದು ಎತ್ತಿ ಆಡುವ ಅಗತ್ಯವೇ ಬೀಳುವುದಿಲ್ಲ. ರಿಪ್ಲೈಯಲ್ಲಿ ಹಳೆಯ ಅಟ್ಯಾಚ್‌ಮೆಂಟ್ ಹೋಗುವುದಿಲ್ಲ. ಇನ್‌ವಾಯ್ಸ್, ಸೀಲು ಬಿದ್ದ ಚಲನ್ ಮತ್ತೆ ಸೇರಿಸಲೇಬೇಕು. ಜುಲೈ 14ಕ್ಕೆ ಬರೆದದ್ದರ ಸಾರ ಇಷ್ಟು:

"ನಮಸ್ತೆ ಮೇಡಂ, ಜುಲೈ 4ಕ್ಕೆ ಪಾವತಿಯಾಗಬೇಕಿದ್ದ ಈ ಬಿಲ್ಲು ಇನ್ನೂ ನಮ್ಮ ಖಾತೆಗೆ ಜಮೆ ಆಗಿಲ್ಲ. ನಿಮ್ಮ ಸಿಸ್ಟಮ್‌ನಲ್ಲಿ ಇದಕ್ಕೆ ಜಿಆರ್‌ಎನ್ ಆಗಿದೆಯೇ? ಆಗಿಲ್ಲದಿದ್ದರೆ ಸ್ಟೋರಿನಲ್ಲಿ ಯಾರನ್ನು ಕೇಳಬೇಕು ಎಂದು ತಿಳಿಸಿದರೆ ನಾನೇ ಮಾತಾಡುತ್ತೇನೆ."

ಈ ಪ್ರಶ್ನೆಯನ್ನು ಬೇಕೆಂದೇ ಕೇಳಿದ್ದು. "ಹಣ ಯಾವಾಗ?" ಎಂದರೆ ಅಕೌಂಟ್ಸ್‌ನವರ ಕೈಯಲ್ಲಿ ಉತ್ತರ ಇರುವುದಿಲ್ಲ, ಮೇಲ್ ಪಕ್ಕಕ್ಕೆ ಹೋಗುತ್ತದೆ. ಜಿಆರ್‌ಎನ್ ಎಂದರೆ ಸರಕು ಸಿಕ್ಕಿದೆ ಎಂದು ಸ್ಟೋರಿನವರು ಮಾಡುವ ದಾಖಲೆ. ಅದು ಆಗಿದೆಯೋ ಇಲ್ಲವೋ ಎಂಬುದನ್ನು ಸಿಸ್ಟಮ್ ನೋಡಿ ಹೇಳಬಹುದು. ಸರಕು ಬಂದದ್ದನ್ನು ಸ್ಟೋರಿನವರು ಎಂಟ್ರಿ ಮಾಡದೇ ಬಿಲ್ಲು ಅಲ್ಲೇ ಸಿಕ್ಕಿಕೊಂಡಿರುವುದು ನಾನು ತುಂಬಾ ಕಂಡ ಕಾರಣ.

ಈ ಮೇಲ್‌ಗೂ ಉತ್ತರ ಬರಲಿಲ್ಲ. ಫೋನ್ ಮಾಡಿದರೆ "ನೋಡ್ತೀವಿ ಸರ್" ಅಂದರು. ಫೋನಿಟ್ಟ ಕೂಡಲೇ, ಮಾತಾಡಿದ್ದು ಇಷ್ಟು ಎಂದು ಅದೇ ಥ್ರೆಡ್‌ನಲ್ಲಿ ಒಂದು ಸಾಲು ಹಾಕಿದೆ. ಬರಹದಲ್ಲಿ ಇಲ್ಲದ ಮಾತು ಮುಂದೆ ಲೆಕ್ಕಕ್ಕೆ ಬರುವುದಿಲ್ಲ.

ಮೂರನೆಯದನ್ನು ಜುಲೈ 24ರ ಬೆಳಗ್ಗೆ ಕಳಿಸಿದೆ. 20ರ ಆಸುಪಾಸು ಜಿಎಸ್‌ಟಿ ರಿಟರ್ನ್ ಗಡಿಬಿಡಿ, ಆಗ ಕಳಿಸಿದ್ದು ತಳಕ್ಕೆ ಹೋಗುತ್ತದೆ. ಈ ಸಲ ಪಿಒಗೆ ಸಹಿ ಹಾಕಿದ್ದ ಪರ್ಚೇಸ್ ಮ್ಯಾನೇಜರನ್ನು ಸಿಸಿಯಲ್ಲಿ ಸೇರಿಸಿದೆ. ಸೇರಿಸಿದ್ದನ್ನು ಮೊದಲ ಸಾಲಿನಲ್ಲೇ ಹೇಳಿದೆ. ಸದ್ದಿಲ್ಲದೆ ಮೇಲಧಿಕಾರಿಯನ್ನು ಎಳೆದು ತಂದರೆ ಆ ಮೇಡಂಗೆ ಅವಮಾನ, ಆಮೇಲೆ ನಮ್ಮ ಬಿಲ್ಲಿಗೆ ಅವರು ಯಾಕೆ ಓಡಾಡುತ್ತಾರೆ?

"ಜಿಆರ್‌ಎನ್ ವಿಷಯ ಸ್ಟೋರಿಗೂ ಸಂಬಂಧಿಸಿದ್ದರಿಂದ ಸರ್ ಅವರನ್ನೂ ಸೇರಿಸಿದ್ದೇನೆ. ಸರಕು ಜೂನ್ 4ಕ್ಕೆ ತಲುಪಿದೆ, ತಕರಾರು ಬಂದಿಲ್ಲ. ನಮ್ಮದು ಉದ್ಯಮ್ ನೋಂದಣಿ ಇರುವ ಸೂಕ್ಷ್ಮ ಘಟಕ. ಪ್ರಮಾಣಪತ್ರ ಲಗತ್ತಿಸಿದೆ. ಜುಲೈ 31ರೊಳಗೆ ಪಾವತಿ ಮಾಡಿ, ಇಲ್ಲವೇ ಪಾವತಿಯ ತಾರೀಖು ತಿಳಿಸಿ ಎಂದು ಕೋರುತ್ತೇನೆ. ಅಷ್ಟರೊಳಗೆ ಆಗದಿದ್ದರೆ ಎಂಎಸ್‌ಎಂಇಡಿ ಕಾಯ್ದೆಯ ಪ್ರಕಾರ ಬಡ್ಡಿ ಸೇರಿಸಿ ಲೆಕ್ಕ ಕಳಿಸಬೇಕಾಗುತ್ತದೆ."

"ನಿರ್ಲಕ್ಷ್ಯ", "ಬೇಸರ", "ಎಷ್ಟು ಸಲ" ಇಂಥ ಮಾತು ಒಂದೂ ಇದರಲ್ಲಿಲ್ಲ. ಬಿಗಿ ಬಂದದ್ದು ತಾರೀಖಿನಿಂದ, ಮತ್ತು ಮುಂದೇನು ಮಾಡುತ್ತೇವೆ ಎಂದು ಒಂದೇ ಸಲ ಹೇಳಿದ್ದರಿಂದ. ಮಾಡದ ಕೆಲಸವನ್ನು ಮಾಡುತ್ತೇನೆಂದು ನಾನು ಬರೆಯುವುದಿಲ್ಲ. ಬಡ್ಡಿಯ ಲೆಕ್ಕ ಹಾಕಿಟ್ಟುಕೊಂಡೇ ಆ ಸಾಲು ಬರೆದದ್ದು.

ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮಗಳಿಗೆಂದೇ ಇರುವ 2006ರ ಆ ಕಾಯ್ದೆಯಂತೆ, ಬರಹದಲ್ಲಿ ಒಪ್ಪಿದ ಅವಧಿಯೊಳಗೆ ಹಣ ಕೊಡಬೇಕು, ಆ ಅವಧಿ 45 ದಿನ ಮೀರುವಂತಿಲ್ಲ. ತಪ್ಪಿದರೆ ಆರ್‌ಬಿಐ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳಿಗೊಮ್ಮೆ ಚಕ್ರಬಡ್ಡಿ. ಅದಕ್ಕಿಂತ ಅಕೌಂಟ್ಸ್‌ನವರಿಗೆ ಹೆಚ್ಚು ಮುಟ್ಟುವುದು 1961ರ ಆದಾಯ ತೆರಿಗೆ ಕಾಯ್ದೆಯ 43ಬಿ(ಎಚ್) ನಿಯಮ. 2024-25ರ ಅಸೆಸ್‌ಮೆಂಟ್ ವರ್ಷದಿಂದ, ಸೂಕ್ಷ್ಮ ಅಥವಾ ಸಣ್ಣ ಘಟಕಕ್ಕೆ ಗಡುವು ಮೀರಿ ಕೊಟ್ಟ ಹಣ, ನಿಜವಾಗಿ ಕೊಟ್ಟ ವರ್ಷದಲ್ಲಷ್ಟೇ ಖರ್ಚೆಂದು ಸಿಗುತ್ತದೆ. ಅದನ್ನು ಮೇಲ್‌ನಲ್ಲಿ ಬರೆಯಲಿಲ್ಲ. ಉದ್ಯಮ್ ಪ್ರಮಾಣಪತ್ರ ಕಂಡರೆ ಅವರಿಗೇ ಗೊತ್ತಾಗುತ್ತದೆ. ಬರೀ ಕೊಂಡು ಮಾರುವ ವ್ಯಾಪಾರಿಗಳು ಉದ್ಯಮ್ ನೋಂದಣಿ ಇದ್ದರೂ ಈ ಬಡ್ಡಿಯ ಮಾತು ಎತ್ತದಿರುವುದು ಒಳ್ಳೆಯದು, ಅವರಿಗೆ ಪಿಒದ ಷರತ್ತೇ ಆಧಾರ.

ಮರುದಿನ ಮ್ಯಾನೇಜರ್ ಉತ್ತರ ಬರೆದರು. ಜಿಆರ್‌ಎನ್‌ನಲ್ಲಿ ಪಿಒ ನಂಬರ್ ಹೊಂದಿಕೆಯಾಗದೆ ಬಿಲ್ಲು ನಿಂತಿತ್ತಂತೆ. ಜುಲೈ 30ಕ್ಕೆ ಹಣ ಬಂತು. ಅದೇ ಥ್ರೆಡ್‌ನಲ್ಲಿ ಇಬ್ಬರಿಗೂ ಧನ್ಯವಾದ ಬರೆದೆ, ಮೇಡಂ ಹೆಸರನ್ನು ಮೊದಲು ಹಾಕಿ. ಬಡ್ಡಿ ಕೇಳಲಿಲ್ಲ. ಮುಂದಿನ ಬಿಲ್ಲಿನಿಂದ ಉದ್ಯಮ್ ನಂಬರನ್ನು ಇನ್‌ವಾಯ್ಸ್ ಮೇಲೆಯೇ ಅಚ್ಚು ಹಾಕಿಸುತ್ತಿದ್ದೇನೆ.